ಲೋಕಲ್ ಡೆಲಿವರಿ ಪ್ಲಾನ್ ಮಾಡುವುದು ಹೇಗೆ: ಸ್ಲಾಟ್ ಮೊದಲು, ರೂಟ್ ಆಮೇಲೆ, ಡ್ರೈವರ್ ಕೊನೆಗೆ

ಬೆಳಿಗ್ಗೆ ವ್ಯಾನುಗಳು ಸರಿಯಾದ ಹೊತ್ತಿಗೇ ಹೊರಡುತ್ತವೆ. ಹತ್ತೂವರೆ ಹೊತ್ತಿಗೆ ಫೋನ್ ಶುರುವಾಗುತ್ತದೆ. ‘ಹನ್ನೊಂದರೊಳಗೆ ಅಂದಿದ್ರಿ, ಎಲ್ಲಿದ್ದಾರೆ?’ ಒಬ್ಬ ಡ್ರೈವರ್ ಕೆಲಸ ಮುಗಿಸಿ ಸುಮ್ನೆ ಕೂತಿರುತ್ತಾನೆ, ಇನ್ನೊಬ್ಬನ ಗಾಡಿಯಲ್ಲಿ ಇನ್ನೂ ಐದು ಪೆಟ್ಟಿಗೆ ಉಳಿದಿರುತ್ತವೆ. ಈ ತೊಂದರೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಮ್ಯಾಪ್ ಸರಿಯಿಲ್ಲ ಅನ್ನುತ್ತಾರೆ, ಇಲ್ಲವೇ ಡ್ರೈವರ್ ನಿಧಾನ ಅನ್ನುತ್ತಾರೆ. ಅವರ ಹಾಳೆ ತರಿಸಿ ನೋಡಿದರೆ ತಪ್ಪು ಬಹುತೇಕ ಹಿಂದಿನ ದಿನವೇ ಆಗಿರುತ್ತದೆ.

ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಆರ್ಡರ್ ಬಂದ ಹಾಗೆಲ್ಲ ಯಾರೋ ಒಬ್ಬ ಡ್ರೈವರ್ ಹೆಸರಿಗೆ ಬರೆದುಬಿಡುತ್ತಾರೆ. ಆಮೇಲೆ ಅವನ ಪಾಲಿಗೆ ಬಂದ ಮನೆಗಳನ್ನು ಮ್ಯಾಪಿಗೆ ಹಾಕಿ ದಾರಿ ಹುಡುಕುತ್ತಾರೆ. ಗಿರಾಕಿಗೆ ಕೊಟ್ಟ ಹೊತ್ತು ಇದಕ್ಕೆ ಹೊಂದುತ್ತದಾ ಅನ್ನುವುದು ಕೊನೆಗೆ ನೆನಪಾಗುತ್ತದೆ. ಇದನ್ನು ಪೂರ್ತಿ ತಿರುಗಿಸಬೇಕು. ಒಂದು ಸ್ಲಾಟಿನಲ್ಲಿ ಎಷ್ಟು ಆರ್ಡರ್ ಹಿಡಿಯುತ್ತದೆ ಎಂದು ಮೊದಲು ಲೆಕ್ಕ ಹಾಕಿ, ಅಷ್ಟನ್ನೇ ಮಾರಿ. ಬಂದ ಆರ್ಡರ್‌ಗಳನ್ನು ಪ್ರದೇಶವಾರು ಗುಂಪು ಮಾಡಿ, ಗುಂಪಿನೊಳಗೆ ಸರದಿ ಹಾಕಿ. ಡ್ರೈವರ್ ಹೆಸರು ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುತ್ತಿರುವುದು ಒಂದೇ ಗೋದಾಮು, ಮೂವರು ಡ್ರೈವರ್, ಎರಡು ಗಂಟೆಯ ಸ್ಲಾಟ್ ಇರುವ ವ್ಯವಸ್ಥೆಯ ಬಗ್ಗೆ. ಕೈಯಲ್ಲೇ ಪ್ಲಾನ್ ಮಾಡಬಹುದಾದ ಅಳತೆ ಇದು. ಬೇಕಾಗುವ ಸಾಮಾನು ಕಡಿಮೆ: ಒಂದು ಸ್ಪ್ರೆಡ್‌ಶೀಟ್, ಪಿನ್ ಇಟ್ಟು ನೋಡಬಹುದಾದ ಒಂದು ಮ್ಯಾಪ್, ದೊಡ್ಡ ಅಂಕಿಯ ಸ್ಟಿಕ್ಕರ್‌ಗಳು, ಮತ್ತು ಒಂದು ವಾರದ ಅಳತೆ. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

## ಹಂತ 1: ಒಂದು ವಾರ ನಿಮಿಷ ಬರೆದಿಡಿ

ಡೆಲಿವರಿಯ ಸಮಯ ಎರಡು ಕಡೆ ಹೋಗುತ್ತದೆ. ಒಂದು, ಮನೆಯಿಂದ ಮನೆಗೆ ಓಡಾಡುವ ಸಮಯ. ಇನ್ನೊಂದು, ಗಾಡಿ ನಿಂತಿರುವ ಸಮಯ: ಜಾಗ ಹುಡುಕಿ ನಿಲ್ಲಿಸುವುದು, ಪೆಟ್ಟಿಗೆ ಇಳಿಸುವುದು, ಲಿಫ್ಟಿಗೆ ಕಾಯುವುದು, ಸಹಿ ಅಥವಾ ಹಣ ತೆಗೆದುಕೊಳ್ಳುವುದು, ವಾಪಸ್ ಬಂದು ಮುಂದಿನ ವಿಳಾಸ ನೋಡುವುದು. ಮ್ಯಾಪ್ ತೋರಿಸುವುದು ಮೊದಲನೆಯದನ್ನು ಮಾತ್ರ. ಊರೊಳಗಿನ ಡೆಲಿವರಿಯಲ್ಲಿ ನಿಂತಿರುವ ಸಮಯವೇ ಜಾಸ್ತಿ ಆಗುವುದು ಸಾಮಾನ್ಯ. ಬರೀ ಮ್ಯಾಪ್ ನೋಡಿ ಪ್ಲಾನ್ ಮಾಡಿದರೆ ಅರ್ಧ ಲೆಕ್ಕ ಬಿಟ್ಟ ಹಾಗೆ.

ಒಂದು ವಾರ ಪ್ರತಿ ಡ್ರೈವರ್ ಪ್ರತಿ ಮನೆಯಲ್ಲೂ ಎರಡೇ ಹೊತ್ತು ಬರೆಯಲಿ: ಗಾಡಿ ನಿಂತದ್ದು, ಗಾಡಿ ಹೊರಟದ್ದು. ಬರೆಯುವುದು ಕಿರಿಕಿರಿ ಅನ್ನುವವನಿದ್ದರೆ, ನಿಂತಾಗ ಒಂದು ಮೆಸೇಜ್, ಹೊರಟಾಗ ಒಂದು ಮೆಸೇಜ್ ಹಾಕಿದರೂ ಆಯಿತು. ಮೆಸೇಜಿನಲ್ಲೇ ಹೊತ್ತು ಬಿದ್ದಿರುತ್ತದೆ.

ವಾರದ ಕೊನೆಗೆ ನಿಲುಗಡೆಗಳನ್ನು ಎರಡು ಜಾತಿ ಮಾಡಿ: ಮಾಮೂಲು ಮತ್ತು ಭಾರಿ. ಲಿಫ್ಟಿಲ್ಲದ ಮೂರನೇ ಮಹಡಿ, ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗಬೇಕಾದ ದೊಡ್ಡ ಅಪಾರ್ಟ್‌ಮೆಂಟ್, ಇಬ್ಬರು ಎತ್ತಬೇಕಾದ ಸಾಮಾನು, ಇವೆಲ್ಲ ಭಾರಿ. ಪ್ರತಿ ಜಾತಿಗೂ ಸರಾಸರಿ ತೆಗೆಯಬೇಡಿ. ಎಲ್ಲ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ನಡುವೆ ಬರುವ ಅಂಕಿಯನ್ನು ತೆಗೆದುಕೊಳ್ಳಿ. ಯಾರೋ ಒಬ್ಬರ ಮನೆಯಲ್ಲಿ 40 ನಿಮಿಷ ಕಾದದ್ದು ಸರಾಸರಿಯನ್ನು ಎಳೆದು ಹಾಕುತ್ತದೆ, ನಡುವಿನ ಅಂಕಿಯನ್ನು ಅಲುಗಾಡಿಸುವುದಿಲ್ಲ.

ನಮ್ಮ ಉದಾಹರಣೆಗೆ ಹೀಗೆ ಬಂದಿದೆ ಎಂದು ಇಟ್ಟುಕೊಳ್ಳೋಣ. ಮಾಮೂಲು ನಿಲುಗಡೆ 6 ನಿಮಿಷ. ಭಾರಿ ನಿಲುಗಡೆ 15 ನಿಮಿಷ. ಒಂದೇ ಪ್ರದೇಶದೊಳಗೆ ಮನೆಯಿಂದ ಮನೆಗೆ 5 ನಿಮಿಷ. ಗೋದಾಮಿನಿಂದ ಪ್ರದೇಶಕ್ಕೆ 15 ನಿಮಿಷ. ನಿಮ್ಮ ಅಂಕಿ ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

## ಹಂತ 2: ಸ್ಲಾಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ

ಸ್ಲಾಟ್ ಅಂದರೆ 120 ನಿಮಿಷ. ಒಂದು ಮಾಮೂಲು ಆರ್ಡರ್‌ಗೆ ನಿಲುಗಡೆ 6, ಓಡಾಟ 5, ಒಟ್ಟು 11 ನಿಮಿಷ. 120ನ್ನು 11ರಿಂದ ಭಾಗಿಸಿದರೆ ಹನ್ನೊಂದಕ್ಕೆ ಸ್ವಲ್ಪ ಕಡಿಮೆ, ಅಂದರೆ ಪೂರ್ತಿ ಹತ್ತು ಬರುತ್ತದೆ. ಹಾಗಂತ ಹತ್ತು ಆರ್ಡರ್ ತೆಗೆದುಕೊಳ್ಳುವುದು ತುಂಬಾ ಜನ ಮಾಡುವ ತಪ್ಪು. ಹತ್ತು ತೆಗೆದುಕೊಂಡರೆ ಎಲ್ಲವೂ ಸರಿ ನಡೆದ ದಿನ ಮಾತ್ರ ಹೊತ್ತಿಗೆ ಮುಗಿಯುತ್ತದೆ. ಒಂದು ಕಡೆ ಹತ್ತು ನಿಮಿಷ ತಡವಾದರೆ ಅದು ಉಳಿದ ಮನೆಗಳಿಗೆಲ್ಲ ದಾಟುತ್ತಾ ಹೋಗುತ್ತದೆ, ಎಲ್ಲೂ ಕರಗುವುದಿಲ್ಲ.

ಅದಕ್ಕೆ ಸ್ಲಾಟಿನ ಐದರಲ್ಲಿ ಒಂದು ಪಾಲು ಖಾಲಿ ಇಡಿ. 120ರಲ್ಲಿ ಪ್ಲಾನ್ ಮಾಡುವುದು 96 ನಿಮಿಷ ಮಾತ್ರ. 96ನ್ನು 11ರಿಂದ ಭಾಗಿಸಿದರೆ 8 ಪೂರ್ತಿ ಬರುತ್ತದೆ. ಅಂದರೆ ಒಬ್ಬ ಡ್ರೈವರ್‌ಗೆ ಒಂದು ಸ್ಲಾಟಿಗೆ 8 ಆರ್ಡರ್, ಮೂವರಿಗೆ 24. ಮಾಲೀಕರಿಗೆ ಈ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ, ‘ಇನ್ನೊಂದೆರಡು ತುರುಕಬಹುದಲ್ವಾ’ ಅನ್ನುತ್ತಾರೆ. ಆ 24 ನಿಮಿಷ ಸೋಮಾರಿತನಕ್ಕಲ್ಲ, ಬಾಗಿಲು ತೆರೆಯದ ಮನೆಗೆ ಇಟ್ಟದ್ದು ಎಂದು ಹೇಳಿ.

ಇನ್ನು ಸ್ಲಾಟ್‌ಗಳ ನಡುವಿನ ಬಿಡುವು. 9ರಿಂದ 11, ಹಿಂದೆಯೇ 11ರಿಂದ 1 ಎಂದು ಇಟ್ಟರೆ ಎರಡನೇ ಸ್ಲಾಟ್ ಹುಟ್ಟುವಾಗಲೇ ತಡವಾಗಿರುತ್ತದೆ. ಡ್ರೈವರ್ 11ಕ್ಕೆ ಕೊನೆಯ ಮನೆ ಬಿಟ್ಟರೆ ವಾಪಸ್ ಬರಲು 15, ಲೋಡ್ ಮಾಡಲು 20, ಮತ್ತೆ ಹೋಗಲು 15, ಒಟ್ಟು 50 ನಿಮಿಷ ಬೇಕು. ಹಾಗಾಗಿ 9–11, 12–2, ಊಟದ ಬಿಡುವು, ಆಮೇಲೆ 3:30–5:30. ಎರಡೂ ಸ್ಲಾಟಿನ ಸಾಮಾನನ್ನು ಬೆಳಿಗ್ಗೆಯೇ ಒಟ್ಟಿಗೆ ತುಂಬಿಸುವಷ್ಟು ಗಾಡಿ ದೊಡ್ಡದಿದ್ದರೆ ಮಾತ್ರ ಈ ಬಿಡುವನ್ನು ಕಡಿಮೆ ಮಾಡಬಹುದು.

## ಹಂತ 3: ಸ್ಲಾಟನ್ನು ಪ್ರದೇಶವಾರು ತೆರೆಯಿರಿ, ಹೊತ್ತಿಗೆ ಮುಚ್ಚಿ

24 ಆರ್ಡರ್ ಹಿಡಿಯುತ್ತದೆ ಎಂದು 24 ಜಾಗವನ್ನು ಹಾಗೇ ತೆರೆದಿಟ್ಟರೆ ಏನಾಗುತ್ತದೆ? ಒಂದು ದಿನ ಉತ್ತರದ ಕಡೆಯಿಂದಲೇ 14 ಬರುತ್ತವೆ, ದಕ್ಷಿಣದಿಂದ 4. ದಕ್ಷಿಣದ ಡ್ರೈವರ್ ಊರು ದಾಟಿ ಉತ್ತರಕ್ಕೆ ಹೋಗಬೇಕು. ಅಲ್ಲಿಗೆ ಮನೆಯಿಂದ ಮನೆಗೆ 5 ನಿಮಿಷ ಎಂಬ ಲೆಕ್ಕವೇ ಬಿದ್ದುಹೋಯಿತು, ಅದರ ಜೊತೆಗೆ 24 ಎಂಬ ಅಂಕಿಯೂ.

ಗೋದಾಮನ್ನು ನಡುವೆ ಇಟ್ಟು, ಊರನ್ನು ಡ್ರೈವರ್‌ಗಳ ಸಂಖ್ಯೆಯಷ್ಟೇ ತುಂಡು ಮಾಡಿ. ಪಿನ್‌ಕೋಡ್ ಪ್ರಕಾರ ತುಂಡು ಮಾಡಬೇಡಿ. ನಿಜವಾಗಿ ದಾಟಲು ಕಷ್ಟ ಇರುವ ಕಡೆ ಗೆರೆ ಹಾಕಿ: ರೈಲು ಹಳಿ, ಹೊಳೆ, ಡಿವೈಡರ್ ಇರುವ ದೊಡ್ಡ ರಸ್ತೆ. ಹಳಿಯ ಆಚೆ ಈಚೆ ಇರುವ ಎರಡು ಮನೆ ಮ್ಯಾಪಿನಲ್ಲಿ ಅಂಟಿಕೊಂಡ ಹಾಗೆ ಕಾಣುತ್ತವೆ, ಗೇಟ್ ಸುತ್ತಿ ಹೋಗಲು ಇಪ್ಪತ್ತು ನಿಮಿಷ ಬೇಕಾಗಬಹುದು.

ಆಮೇಲೆ ಪ್ರತಿ ಪ್ರದೇಶಕ್ಕೆ 7 ಜಾಗ ತೆರೆಯಿರಿ. ಉಳಿದ 3 ಜಾಗ ನಿಮ್ಮ ಕೈಯಲ್ಲಿರಲಿ. ಯಾವ ಕಡೆ ಬೇಡಿಕೆ ಬರುತ್ತದೋ ಆ ಕಡೆಗೆ, ಅದೂ ಪ್ರದೇಶದ ಅಂಚಿನಲ್ಲಿರುವ ಮನೆಗಳಿಗೆ ಕೊಡಿ. ಅಂಚಿನ ಮನೆಯನ್ನು ಆಮೇಲೆ ಪಕ್ಕದ ಗುಂಪಿಗೆ ದಾಟಿಸಬಹುದು, ಒಳಗಿನ ಮನೆಯನ್ನು ದಾಟಿಸಲು ಆಗುವುದಿಲ್ಲ.

ಮುಚ್ಚುವ ಹೊತ್ತನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. 12ರ ಸ್ಲಾಟಿಗೆ ಗಾಡಿ 11:45ಕ್ಕೆ ಹೊರಡಬೇಕು, ಅಂದರೆ 11:25ಕ್ಕೆ ಲೋಡಿಂಗ್ ಶುರು. ಅಷ್ಟರೊಳಗೆ ಸಾಮಾನು ತೆಗೆದು ಕಟ್ಟಿಡಲು ಒಂದು ಗಂಟೆ, ಅದಕ್ಕೂ ಮುಂಚೆ ರೂಟ್ ಹಾಕಲು ಅರ್ಧ ಗಂಟೆ. ಅಲ್ಲಿಗೆ 9:55. ಹಾಗಾಗಿ ಈ ಸ್ಲಾಟ್ 9:45ಕ್ಕೆ ಮುಚ್ಚಬೇಕು. ಬೆಳಗಿನ ಸ್ಲಾಟ್ ಹಿಂದಿನ ಸಂಜೆಯೇ ಮುಚ್ಚಲಿ. ‘ಇದೊಂದು ಆರ್ಡರ್ ಮಾತ್ರ’ ಎಂದು 10:30ಕ್ಕೆ ಸೇರಿಸಿದರೆ ಸರದಿ, ಸ್ಟಿಕ್ಕರ್, ಲೋಡಿಂಗ್ ಮೂರೂ ಕೆಡುತ್ತವೆ.

## ಹಂತ 4: ವಿಳಾಸಗಳನ್ನು ರೂಟಿಗಿಂತ ಮೊದಲೇ ಸರಿ ಮಾಡಿ

ಇದು ಹತ್ತು ನಿಮಿಷದ ಕೆಲಸ, ಆದರೆ ಸ್ಲಾಟ್ ಮುಚ್ಚಿದ ಕೂಡಲೇ ಮಾಡಬೇಕು. ಎಲ್ಲ ಪಿನ್‌ಗಳನ್ನೂ ಒಟ್ಟಿಗೆ ಮ್ಯಾಪಿನಲ್ಲಿ ನೋಡಿ. ಬೇರೆ ಬೇರೆ ಬೀದಿಯ ಎರಡು ಆರ್ಡರ್ ಒಂದೇ ಚುಕ್ಕೆಯ ಮೇಲೆ ಕೂತಿದ್ದರೆ ಅನುಮಾನ ಪಡಿ. ಮ್ಯಾಪಿಗೆ ಮನೆ ಸಿಗಲಿಲ್ಲ, ಬಡಾವಣೆಯ ನಟ್ಟನಡುವೆ ಪಿನ್ ಇಟ್ಟು ಕೈತೊಳೆದುಕೊಂಡಿದೆ ಎಂದೇ ಅರ್ಥ. ಗಿರಾಕಿಗೆ ಫೋನ್ ಮಾಡಿ ಲೊಕೇಶನ್ ತರಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಪಿನ್ ಸರಿ ಇರುತ್ತದೆ, ಗೇಟ್ ಇನ್ನೊಂದು ಬೀದಿಯಲ್ಲಿರುತ್ತದೆ. ಡ್ರೈವರ್ ಕಟ್ಟಡದ ಹಿಂದಿನ ಗೋಡೆಗೆ ಬಂದು ನಿಲ್ಲುತ್ತಾನೆ. ಒಮ್ಮೆ ಹೀಗಾದ ವಿಳಾಸಕ್ಕೆ ‘ಗೇಟ್ ಪೂರ್ವದ ಬೀದಿಯಲ್ಲಿ’ ಎಂದು ಶೀಟಿನಲ್ಲಿ ಟಿಪ್ಪಣಿ ಬರೆದಿಡಿ. ಈ ಟಿಪ್ಪಣಿಗಳು ಡ್ರೈವರ್ ತಲೆಯಲ್ಲಿ ಮಾತ್ರ ಇದ್ದರೆ ಅವನು ರಜೆ ಹಾಕಿದ ದಿನ ಗೊತ್ತಾಗುತ್ತದೆ.

## ಹಂತ 5: ಆರ್ಡರ್ ಎಣಿಸಬೇಡಿ, ನಿಮಿಷ ಎಣಿಸಿ ಗುಂಪು ಮಾಡಿ

ಈಗ ಒಂದು ಬೆಳಗನ್ನು ಪೂರ್ತಿ ಮಾಡಿ ನೋಡೋಣ. 9–11ರ ಸ್ಲಾಟ್, 22 ಆರ್ಡರ್ ಬಂದಿವೆ. ಉತ್ತರ 9, ಪೂರ್ವ 6, ದಕ್ಷಿಣ 7. ಉತ್ತರದ ಒಂಬತ್ತರಲ್ಲಿ ಎರಡು ಭಾರಿ. ಇನ್ನೆರಡು ಪೂರ್ವದ ಅಂಚಿನಲ್ಲಿ ಪಕ್ಕಪಕ್ಕದ ಬೀದಿಯಲ್ಲಿವೆ.

ಒಬ್ಬರಿಗೆ 8 ಎಂಬ ಲೆಕ್ಕ ನೆನಪಿಟ್ಟುಕೊಂಡವರು ಅಂಚಿನ ಒಂದು ಆರ್ಡರನ್ನು ಪೂರ್ವಕ್ಕೆ ಕೊಟ್ಟು 8, 7, 7 ಮಾಡಿ ಎದ್ದುಬಿಡುತ್ತಾರೆ. ನೋಡಲು ಸಮವಾಗಿದೆ. ನಿಮಿಷ ಎಣಿಸಿ. ಉತ್ತರದ ಎಂಟರಲ್ಲಿ ಆರು ಮಾಮೂಲು, 36 ನಿಮಿಷ. ಎರಡು ಭಾರಿ, 30 ನಿಮಿಷ. ಎಂಟು ಮನೆಗಳ ನಡುವೆ ಏಳು ಓಡಾಟ, 35 ನಿಮಿಷ. ಒಟ್ಟು 101. ನಮ್ಮ ಮಿತಿ 96. ದಾಟಿಹೋಯಿತು.

ಅಂಚಿನ ಎರಡನೇ ಆರ್ಡರನ್ನೂ ಪೂರ್ವಕ್ಕೆ ಕೊಡಿ. ಉತ್ತರದಲ್ಲಿ ಈಗ ಐದು ಮಾಮೂಲು, ಎರಡು ಭಾರಿ, ಆರು ಓಡಾಟ. 30, 30, 30, ಒಟ್ಟು 90 ನಿಮಿಷ. ಪೂರ್ವದಲ್ಲಿ ಎಂಟೂ ಮಾಮೂಲು, 48 ನಿಮಿಷ. ಏಳು ಓಡಾಟಕ್ಕೆ 35. ಅಂಚಿಗೆ ಹೋಗುವ ಒಂದು ಓಡಾಟ ಉದ್ದ, ಅದಕ್ಕೆ 3 ನಿಮಿಷ ಸೇರಿಸಿದರೆ 86. ದಕ್ಷಿಣದ ಏಳಕ್ಕೆ 42 ಮತ್ತು 30, ಒಟ್ಟು 72. ಕೈಯಲ್ಲಿ ಉಳಿದದ್ದು 7, 8, 7. ಭಾರಿ ಇರುವ ಕಡೆ ಕಡಿಮೆ ಆರ್ಡರ್, ಹಗುರ ಇರುವ ಕಡೆ ಜಾಸ್ತಿ.

ಎರಡನ್ನೂ ಒಟ್ಟಿಗೆ ದಾಟಿಸಿದ್ದನ್ನು ಗಮನಿಸಿ. ಅಂಚಿನ ಒಂದೇ ಮನೆಗೆ ಪೂರ್ವದ ಗಾಡಿ ಹೋದರೂ ಆ 3 ನಿಮಿಷ ಖರ್ಚಾಗುತ್ತಿತ್ತು. ಪಕ್ಕದ ಬೀದಿಗೆ ಇನ್ನೊಂದು ಗಾಡಿ ಬರುವುದೂ ತಪ್ಪಿತು. ಸಂಜೆ ಡ್ರೈವರ್‌ಗಳು ‘ಆ ಬೀದಿಯಲ್ಲಿ ಇಬ್ಬರೂ ಎದುರಾದೆವು’ ಎಂದು ನಗುತ್ತಿದ್ದರೆ ಗುಂಪು ಮಾಡಿದ್ದು ಸರಿಯಿಲ್ಲ ಎಂದು ತಿಳಿಯಿರಿ.

## ಹಂತ 6: ಗುಂಪಿನೊಳಗೆ ಸರದಿ ಹಾಕಿ

ಎಂಟು ಮನೆಗಳನ್ನು 40,320 ಬಗೆಯಲ್ಲಿ ಜೋಡಿಸಬಹುದು. ಎಲ್ಲವನ್ನೂ ನೋಡುವ ಅಗತ್ಯ ಇಲ್ಲ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೇ ಕೆಟ್ಟದಾಗಿ ಕಾಣುತ್ತವೆ.

ಎಲ್ಲರೂ ಮೊದಲು ಮಾಡುವುದು ‘ಈಗಿರುವ ಜಾಗಕ್ಕೆ ಯಾವುದು ಹತ್ತಿರವೋ ಅದು ಮುಂದಿನದು’ ಎಂಬ ಲೆಕ್ಕ. ಶುರುವಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಕೊನೆಯಲ್ಲಿ ಕೈಕೊಡುತ್ತದೆ. ಮುಖ್ಯ ರಸ್ತೆಯ ಮೇಲೆ ಐದು ಮನೆ ಸಾಲಾಗಿವೆ ಎಂದುಕೊಳ್ಳಿ. ಶುರುವಿನಲ್ಲೇ ಎಡಕ್ಕೆ 6 ನಿಮಿಷ ಒಳಗೆ ಒಂದು ಮನೆ ಇದೆ. ಮುಂದಿನ ಮನೆ 4 ನಿಮಿಷದಲ್ಲಿ ಸಿಗುತ್ತದೆ, ಹಾಗಾಗಿ ಎಡದ ಮನೆಯನ್ನು ಬಿಟ್ಟು ಮುಂದೆ ಹೋಗುತ್ತೀರಿ. ಪ್ರತಿ ಸಲವೂ ಮುಂದಿನದೇ ಹತ್ತಿರ ಕಾಣುತ್ತದೆ. ರಸ್ತೆಯ ಕೊನೆ ತಲುಪಿದಾಗ ಆ ಒಂದು ಮನೆಗಾಗಿ ಇಪ್ಪತ್ತು ಚಿಲ್ಲರೆ ನಿಮಿಷ ವಾಪಸ್ ಬರಬೇಕು, ಅದೂ ಸ್ಲಾಟಿನ ಕೊನೆಯಲ್ಲಿ.

ಇದರ ಬದಲು ಹೂವಿನ ಎಸಳಿನ ಹಾಗೆ ದಾರಿ ಎಳೆಯಿರಿ. ಗೋದಾಮಿನಿಂದ ಹೊರಟು ಪ್ರದೇಶದ ಒಂದು ಬದಿಯಲ್ಲಿ ಹೋಗಿ, ದೂರದ ತುದಿ ಮುಟ್ಟಿ, ಇನ್ನೊಂದು ಬದಿಯಲ್ಲಿ ವಾಪಸ್ ಬನ್ನಿ. ಆಮೇಲೆ ಎಳೆದ ಗೆರೆಯನ್ನು ನೋಡಿ. ಗೆರೆ ತನ್ನನ್ನೇ ಎಲ್ಲಾದರೂ ಕತ್ತರಿ ಹಾಕಿದೆಯಾ? ಹಾಕಿದ್ದರೆ ಆ ಎರಡು ಗೆರೆಗಳ ನಡುವೆ ಬರುವ ಮನೆಗಳ ಸರದಿಯನ್ನು ತಿರುಗಿಸಿ. ಕತ್ತರಿ ಬಿಡಿಸಿದರೆ ನೇರ ಗೆರೆಯ ಲೆಕ್ಕದಲ್ಲಿ ದಾರಿ ಯಾವಾಗಲೂ ಚಿಕ್ಕದಾಗುತ್ತದೆ. ರಸ್ತೆಯಲ್ಲಿ ಒನ್‌ವೇ, ಯೂ-ಟರ್ನ್ ಇರುವುದರಿಂದ ಅಪರೂಪಕ್ಕೆ ಕತ್ತರಿಯೇ ಮೇಲು ಅನ್ನಿಸಬಹುದು, ಆಗ ಡ್ರೈವರನ್ನು ಕೇಳಿ. ಡಿವೈಡರ್ ಇರುವ ರಸ್ತೆಯಲ್ಲಿ ಹೋಗುವಾಗ ಒಂದು ಬದಿಯ ಮನೆಗಳು, ಬರುವಾಗ ಇನ್ನೊಂದು ಬದಿಯವು.

ದಾರಿ ಚೆಂದ ಆದ ಮೇಲೆ ಹೊತ್ತಿನ ಷರತ್ತು ನೋಡಿ. ಉತ್ತರದ ಗುಂಪಿನಲ್ಲಿ ಒಬ್ಬರು ‘ಹತ್ತಕ್ಕೆ ಮನೆ ಬಿಡುತ್ತೇವೆ’ ಎಂದು ಬರೆದಿದ್ದಾರೆ, ಎಸಳಿನ ದಾರಿಯಲ್ಲಿ ಅವರು ಆರನೆಯವರು, ಗಾಡಿ 10:13ಕ್ಕೆ ತಲುಪುತ್ತದೆ. ಅವರನ್ನು ನಾಲ್ಕನೆಯವರನ್ನಾಗಿ ತಂದು 9:50ಕ್ಕೆ ಕೂರಿಸುವ ಆಸೆ ಆಗುತ್ತದೆ. ಮಾಡಬೇಡಿ. ಅವರಿಗಿಂತ ಮೊದಲು ಒಂದು ಭಾರಿ ನಿಲುಗಡೆ ಇದೆ, ಅಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆ ಆದರೆ ಕತೆ ಮುಗಿಯಿತು. ಗಟ್ಟಿ ಷರತ್ತಿನವರನ್ನು ಶುರುವಿಗೇ ತನ್ನಿ, ಎರಡನೆಯವರನ್ನಾಗಿ ಮಾಡಿ. ದಾರಿ ಒಂದಿಷ್ಟು ಸುತ್ತಾಗುತ್ತದೆ, 7 ನಿಮಿಷ ಜಾಸ್ತಿ ಹಿಡಿಯಬಹುದು. 90 ಇದ್ದದ್ದು 97 ಆಯಿತು. ಮಿತಿಗಿಂತ ಒಂದು ನಿಮಿಷ ಜಾಸ್ತಿ, ಇಲ್ಲಿ ನಾನು ಒಪ್ಪಿಕೊಳ್ಳುತ್ತೇನೆ. ಸರದಿಯಲ್ಲಿ ಹಿಂದೆ ಹೋದಷ್ಟೂ ಹೊತ್ತಿನ ಭರವಸೆ ಕಡಿಮೆ. ಕೊನೆಯ ಎರಡು ಜಾಗದಲ್ಲಿ ‘ಯಾವಾಗ ಬಂದರೂ ಮನೆಯಲ್ಲಿರುತ್ತೇವೆ’ ಅನ್ನುವವರು ಇರಲಿ.

ಶೀಟಿನಲ್ಲಿ ಹೊತ್ತು ತಾನೇ ಲೆಕ್ಕವಾಗುವಂತೆ ಮಾಡಿ. C ಕಾಲಂ ಓಡಾಟದ ನಿಮಿಷ, D ತಲುಪುವ ಹೊತ್ತು, E ನಿಲುಗಡೆಯ ನಿಮಿಷ, F ಹೊರಡುವ ಹೊತ್ತು. ಗಾಡಿ 8:45ಕ್ಕೆ ಬಿಟ್ಟರೆ ಹೀಗೆ:

```
D2: =MAX(TIME(9,0,0), TIME(8,45,0)+C2/1440)
F2: =D2+E2/1440
D3: =F2+C3/1440
```

F2 ಮತ್ತು D3ನ್ನು ಕೆಳಗೆ ಎಳೆದರೆ ಉಳಿದ ಸಾಲು ತುಂಬುತ್ತವೆ. 1440 ಅಂದರೆ ಒಂದು ದಿನದ ನಿಮಿಷಗಳು. D2ರಲ್ಲಿ MAX ಇಟ್ಟಿರುವುದಕ್ಕೆ ಕಾರಣ, ಗಾಡಿ 8:50ಕ್ಕೇ ತಲುಪಿದರೂ ಒಂಬತ್ತಕ್ಕೆ ಮೊದಲು ಬಾಗಿಲು ತಟ್ಟಬಾರದು. D ಮತ್ತು F ಕಾಲಂಗಳನ್ನು ಹೊತ್ತಿನ ರೂಪಕ್ಕೆ ಬದಲಿಸಲು ಮರೆಯಬೇಡಿ, ಇಲ್ಲದಿದ್ದರೆ 0.375 ಎಂದು ಕಾಣುತ್ತದೆ.

ಡ್ರೈವರ್ ಫೋನಿಗೆ ದಾರಿ ಕಳಿಸಲು ಗೂಗಲ್ ಮ್ಯಾಪ್ಸ್ ಸಾಕು. ಆದರೆ ಅದು ನೀವು ಕೊಟ್ಟ ಸರದಿಯಲ್ಲೇ ದಾರಿ ತೋರಿಸುತ್ತದೆ, ಸರದಿಯನ್ನು ತಾನಾಗಿ ತಿದ್ದುವುದಿಲ್ಲ. ಇದು ಗೊತ್ತಿಲ್ಲದೆ ಆರ್ಡರ್ ಬಂದ ಕ್ರಮದಲ್ಲೇ ವಿಳಾಸ ತುಂಬಿಸಿ ‘ಮ್ಯಾಪ್ ಹಾಕಿಕೊಟ್ಟ ರೂಟ್’ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

## ಹಂತ 7: ಈಗ ಡ್ರೈವರ್ ಹೆಸರು ಬರೆಯಿರಿ

ರೂಟ್ ಮೂರು ತಯಾರಾಗಿವೆ, ಹೆಸರಿಲ್ಲ. ಮೊದಲು ಗಾಡಿ ನೋಡಿ. ಸಾಮಾನು ತೂಕದಲ್ಲಿ ಹಿಡಿದರೂ ಜಾಗದಲ್ಲಿ ಹಿಡಿಯದೇ ಹೋಗಬಹುದು. ಹಗುರವಾದ ದೊಡ್ಡ ಪೆಟ್ಟಿಗೆಗಳು ಬೇಗ ಗಾಡಿ ತುಂಬಿಸುತ್ತವೆ. ಇಬ್ಬರು ಎತ್ತುವ ಸಾಮಾನು ಇರುವ ರೂಟಿಗೆ ಸಹಾಯಕ ಇರುವ ಗಾಡಿಯೇ ಹೋಗಬೇಕು. ಇಲ್ಲಿಗೇ ಅರ್ಧ ತೀರ್ಮಾನ ಆಗಿರುತ್ತದೆ.

ಆಮೇಲೆ ಪರಿಚಯ. ಒಂದೇ ಡ್ರೈವರ್ ಒಂದೇ ಪ್ರದೇಶಕ್ಕೆ ಹೋಗುತ್ತಿದ್ದರೆ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಗೇಟಿನಲ್ಲಿ ಬಿಡುತ್ತಾರೆ ಎಲ್ಲ ಅವನಿಗೆ ಗೊತ್ತಿರುತ್ತದೆ. ನಿಲುಗಡೆಯಲ್ಲಿ ಉಳಿಯುವ ಒಂದೆರಡು ನಿಮಿಷ ಎಂಟು ಮನೆಗೆ ಎಂಟು ಸಲ ಉಳಿಯುತ್ತದೆ. ಆದರೆ ವಾರಕ್ಕೊಂದು ದಿನವಾದರೂ ಅದಲು ಬದಲು ಮಾಡಿ. ಪ್ರತಿ ಪ್ರದೇಶ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು.

ಆರ್ಡರ್ ಲೆಕ್ಕದಲ್ಲಿ ಹಣ ಕೊಡುವ ಕಡೆ ಒಂದು ಜಗಳ ಯಾವಾಗಲೂ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಪೂರ್ವದವನಿಗೆ 86 ನಿಮಿಷಕ್ಕೆ ಎಂಟರ ಹಣ, ಉತ್ತರದವನಿಗೆ 97 ನಿಮಿಷಕ್ಕೆ ಏಳರ ಹಣ, ಮೇಲೆ ಎರಡು ಸಲ ಮಹಡಿ ಹತ್ತುವ ಕೆಲಸ. ಅವನು ನಾಳೆ ಉತ್ತರ ಬೇಡ ಅನ್ನುವುದು ನ್ಯಾಯವೇ. ಭಾರಿ ನಿಲುಗಡೆಯನ್ನು ಎರಡು ಆರ್ಡರ್ ಎಂದು ಎಣಿಸಿದರೆ ಈ ಜಗಳ ಬಹುಮಟ್ಟಿಗೆ ನಿಲ್ಲುತ್ತದೆ.

ಹೊರಡುವ ಮೊದಲು ರೂಟ್ ಹಾಳೆಯನ್ನು ಡ್ರೈವರ್ ಒಂದು ನಿಮಿಷ ಓದಲಿ. ‘ಐದನೇ ಮನೆಯ ರಸ್ತೆ ಅಗೆದಿದ್ದಾರೆ’ ಎಂದು ಅವನು ಹೇಳುವುದು ಆಗಲೇ.

## ಹಂತ 8: ಉಲ್ಟಾ ಸರದಿಯಲ್ಲಿ ಲೋಡ್ ಮಾಡಿ

ಕೊನೆಯ ಮನೆಯ ಸಾಮಾನು ಮೊದಲು ಒಳಗೆ, ಮೊದಲ ಮನೆಯದು ಬಾಗಿಲ ಹತ್ತಿರ. ಪ್ರತಿ ಪೆಟ್ಟಿಗೆಯ ಮೇಲೆ ಸರದಿಯ ಅಂಕಿ ದೊಡ್ಡದಾಗಿರಲಿ, ಒಂದೇ ಆರ್ಡರಿನಲ್ಲಿ ಮೂರು ಪೆಟ್ಟಿಗೆ ಇದ್ದರೆ ಮೂರರ ಮೇಲೂ. ಕೊನೆಯ ಮನೆಯ ಪೆಟ್ಟಿಗೆ ಹಗುರ, ಮೊದಲ ಮನೆಯದು ಭಾರ ಎಂದಾಗ ಮೇಲೆ ಕೆಳಗೆ ಇಡಲು ತೊಡಕಾಗುತ್ತದೆ. ಆಗ ಗಾಡಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಭಾರದವು, ಬಲಕ್ಕೆ ಹಗುರದವು ಇಡಿ. ಎರಡೂ ಬದಿಯಲ್ಲಿ ಉಲ್ಟಾ ಸರದಿ ಇರಲಿ. ನಿಲುಗಡೆಯ ನಿಮಿಷ ಇದ್ದಕ್ಕಿದ್ದಂತೆ ಏರಿದರೆ ಮೊದಲು ಡ್ರೈವರನ್ನು ಬೈಯಬೇಡಿ, ಗಾಡಿಯ ಹಿಂಬಾಗಿಲು ತೆರೆದು ನೋಡಿ.

ಗಾಡಿ ಹೊರಟ ಮೇಲೆ ಗಿರಾಕಿಗಳಿಗೆ ಇನ್ನಷ್ಟು ಚಿಕ್ಕ ಹೊತ್ತು ಹೇಳಬಹುದು. ಮೊದಲ ಮೂರು ಮನೆಗೆ ಪ್ಲಾನ್ ಮಾಡಿದ ಹೊತ್ತಿನ ಆಚೀಚೆ 10 ನಿಮಿಷ, ಉಳಿದವರಿಗೆ ಆಚೀಚೆ 20–25. ಎಲ್ಲರಿಗೂ ಒಂದೇ ಅಳತೆಯ ಮಾತು ಕೊಡಬೇಡಿ. ಆರ್ಡರ್ ತೆಗೆದುಕೊಳ್ಳುವಾಗಂತೂ ಸ್ಲಾಟ್ ಬಿಟ್ಟು ಬೇರೆ ಹೊತ್ತು ಬಾಯಲ್ಲಿ ಬರಬಾರದು.

## ಹಂತ 9: ದಾರಿಯಲ್ಲಿ ಕೆಟ್ಟಾಗ

9:50ಕ್ಕೆ ಉತ್ತರದ ಡ್ರೈವರ್ 15 ನಿಮಿಷ ಹಿಂದೆ ಬಿದ್ದಿದ್ದಾನೆ. ಏನು ಮಾಡಬೇಕು? ಕೊನೆಯ ಮನೆಯ ಸಾಲನ್ನು ನೋಡಿ. 10:37ಕ್ಕೆ ಮುಗಿಯಬೇಕಿದ್ದದ್ದು 10:52ಕ್ಕೆ ಮುಗಿಯುತ್ತದೆ, ಇನ್ನೂ ಸ್ಲಾಟಿನೊಳಗೇ ಇದೆ. ಏನೂ ಮಾಡಬೇಡಿ. ಅವನಿಗೆ ಫೋನ್ ಕೂಡ ಮಾಡಬೇಡಿ, ಅದರಿಂದ ಇನ್ನೆರಡು ನಿಮಿಷ ಹೋಗುತ್ತದೆ.

30 ನಿಮಿಷ ಹಿಂದೆ ಬಿದ್ದಿದ್ದರೆ ಮಾತು ಬೇರೆ. ಆರನೇ ಮನೆಯ ಕೆಲಸ ಹನ್ನೊಂದರೊಳಗೆ ಮುಗಿಯುತ್ತದೆ, ಏಳನೆಯವರದ್ದು ಸುಮಾರು 11:07. ಅವರಿಗೆ 9:55ಕ್ಕೇ ಫೋನ್ ಮಾಡಿ, 11:15ರವರೆಗೆ ಇರುತ್ತೀರಾ ಎಂದು ಕೇಳಿ. ಒಂದು ಗಂಟೆ ಮೊದಲು ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಅದನ್ನೇ 11:05ಕ್ಕೆ ಹೇಳಿದರೆ ಬೈಗುಳ.

ದಕ್ಷಿಣದವನು ಬೇಗ ಮುಗಿಸಿದ್ದಾನೆ, ಅವನಿಗೆ ಒಂದೆರಡು ಆರ್ಡರ್ ಕೊಡೋಣ ಅನ್ನಿಸುತ್ತದೆ. ಆ ಸಾಮಾನು ಈಗಾಗಲೇ ಉತ್ತರದ ಗಾಡಿಯಲ್ಲಿದೆ! ಶೀಟಿನಲ್ಲಿ ಹೆಸರು ಬದಲಿಸಿದರೆ ಪೆಟ್ಟಿಗೆ ಗಾಡಿ ಬದಲಿಸುವುದಿಲ್ಲ. ಇಬ್ಬರೂ ಎಲ್ಲೋ ಸೇರಿ ಸಾಮಾನು ದಾಟಿಸಬೇಕು, ಇಬ್ಬರ ಸಮಯವೂ ಹಾಳು. ಗಾಡಿ ಕೆಟ್ಟು ನಿಂತಾಗ ಮಾತ್ರ ಇದು ಸರಿ. ಮಾಮೂಲು ತಡಕ್ಕೆ ಆರ್ಡರ್ ಬದಲಿಸುವುದನ್ನು ಲೋಡಿಂಗ್‌ಗೆ ಮುಂಚೆಯೇ ಮುಗಿಸಿ.

ಬಾಗಿಲು ತೆರೆಯದಿದ್ದರೆ ನಿಯಮ ಮೊದಲೇ ಗೊತ್ತಿರಲಿ: ಎರಡು ಫೋನ್, 5 ನಿಮಿಷ, ಆಮೇಲೆ ಮುಂದಿನ ಮನೆ. ಕೊನೆಯ ಮನೆ ಮುಗಿದಾಗ ಸ್ಲಾಟಿನಲ್ಲಿ ಹೊತ್ತು ಉಳಿದಿದ್ದರೆ ಮತ್ತೆ ಒಮ್ಮೆ ಹೋಗಬಹುದು. ಎಷ್ಟು ಕಾಯಬೇಕು ಎಂಬುದನ್ನು ಡ್ರೈವರ್ ಮನಸ್ಸಿಗೆ ಬಿಟ್ಟರೆ ಒಳ್ಳೆಯ ಮನಸ್ಸಿನವನೇ ಎಲ್ಲರಿಗಿಂತ ತಡವಾಗುತ್ತಾನೆ.

## ಹಂತ 10: ಸಂಜೆ ಹತ್ತು ನಿಮಿಷ ಹಾಳೆ ನೋಡಿ

ಪ್ಲಾನ್ ಮಾಡಿದ ಹೊತ್ತಿನ ಪಕ್ಕದಲ್ಲಿ ನಿಜವಾಗಿ ತಲುಪಿದ ಹೊತ್ತು ಬರೆಯಿರಿ. ತಡ ಯಾವ ರೀತಿ ಬೆಳೆದಿದೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಪ್ರತಿ ಮನೆಗೂ ಎರಡೆರಡು ನಿಮಿಷ ಸೇರುತ್ತಾ ಹೋಗಿದ್ದರೆ ನಿಮ್ಮ ನಿಲುಗಡೆಯ ಅಂಕಿ ಚಿಕ್ಕದು, ಹಂತ 1ಕ್ಕೆ ಹೋಗಿ. ಒಂದೇ ಮನೆಯಲ್ಲಿ 20 ನಿಮಿಷ ಹಾರಿ ಆಮೇಲೆ ಹಾಗೇ ಉಳಿದಿದ್ದರೆ ಆ ವಿಳಾಸಕ್ಕೆ ಟಿಪ್ಪಣಿ ಬೇಕು, ಅಥವಾ ಅದು ಭಾರಿ ಜಾತಿಗೆ ಸೇರಬೇಕು. ಮೊದಲ ಮನೆಗೇ ತಡವಾಗಿದ್ದರೆ ರೂಟಿನಲ್ಲಿ ಹುಡುಕಬೇಡಿ, ತೊಂದರೆ ಗೋದಾಮಿನ ಲೋಡಿಂಗ್‌ನಲ್ಲಿದೆ. ಒಂದೇ ಪ್ರದೇಶ ದಿನವೂ ತಡ, ಉಳಿದೆರಡು ದಿನವೂ ಬೇಗ ಎಂದಾದರೆ ಪ್ರದೇಶದ ಗೆರೆಯನ್ನೇ ಸರಿಸಿ.

ನಾಲ್ಕೈದು ಗಾಡಿ ದಾಟಿದ ಮೇಲೆ, ಅಥವಾ ಗಿರಾಕಿಗಳಿಗೆಲ್ಲ ಬೇರೆ ಬೇರೆ ಹೊತ್ತಿನ ಷರತ್ತು ಇದ್ದರೆ, ಕೈಲೆಕ್ಕ ಸಾಲುವುದಿಲ್ಲ. ಆಗ ರೂಟ್ ಹಾಕುವ ಸಾಫ್ಟ್‌ವೇರ್ ಬೇಕು. ಕೋಡ್ ಬರೆಯಬಲ್ಲವರು ಜೊತೆಗಿದ್ದರೆ OR-Tools, VROOM ಎಂಬ ಓಪನ್ ಸೋರ್ಸ್ ಸಾಧನಗಳಿವೆ. ಯಾವುದನ್ನು ತಂದರೂ ಅದು ಕೇಳುವುದು ಇದೇ ಅಂಕಿಗಳನ್ನು: ನಿಲುಗಡೆಯ ನಿಮಿಷ, ಗಾಡಿಯ ಜಾಗ, ಹೊತ್ತಿನ ಮಿತಿ. ನಿಲುಗಡೆಯ ನಿಮಿಷ ತುಂಬುವ ಜಾಗ ಖಾಲಿ ಬಿಟ್ಟರೆ ಅದನ್ನು ಸೊನ್ನೆ ಎಂದೇ ಹಿಡಿಯುವ ಸಾಧನಗಳಿವೆ. ಹೊಸ ಸಾಫ್ಟ್‌ವೇರ್ ಹಾಕಿದ ಮೊದಲ ದಿನ ಒಬ್ಬ ಡ್ರೈವರ್‌ಗೆ ಒಂದೇ ಸ್ಲಾಟಿನಲ್ಲಿ 20 ಮನೆ ಕೊಟ್ಟಿದ್ದರೆ ಮೊದಲು ತೆರೆದು ನೋಡಬೇಕಾದದ್ದು ಆ ಕಾಲಂ.